ಎರಡು ಪುಟದ ಸ್ವವಿವರ: ಪ್ರಕಟಣೆಗಳ ಪಟ್ಟಿ ಪರಿಶೀಲನೆಗೆ ನಿಲ್ಲಬೇಕು

ಬೋಧನಾಭ್ಯಾಸದ ಅವಧಿಯಲ್ಲಿ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಯನ್ನು ನಾವು ಎಷ್ಟು ಕಟ್ಟುನಿಟ್ಟಾಗಿ ನೋಡುತ್ತೇವೆ ಎಂಬುದು ಎಲ್ಲರಿಗೂ ಗೊತ್ತಿದೆ. ಉದ್ದೇಶದ ಅಂಕಣದಲ್ಲಿ ಬರೆದದ್ದಕ್ಕೆ ಮೌಲ್ಯಮಾಪನದ ಅಂಕಣದಲ್ಲಿ ಒಂದು ಪ್ರಶ್ನೆಯೂ ಇಲ್ಲದಿದ್ದರೆ ಕೆಂಪು ಶಾಯಿಯ ಗುರುತು ಬೀಳುತ್ತದೆ. ಆದರೆ ಅದೇ ಪ್ರಶಿಕ್ಷಣಾರ್ಥಿ ಕೋರ್ಸು ಮುಗಿಸಿ ಅತಿಥಿ ಉಪನ್ಯಾಸಕ ಹುದ್ದೆಗೋ, ಪಿಎಚ್.ಡಿ. ಸಂದರ್ಶನಕ್ಕೋ ಹೊರಟಾಗ ಕೈಯಲ್ಲಿ ಹಿಡಿದಿರುವ ಸ್ವವಿವರವನ್ನು ನಮ್ಮಲ್ಲಿ ಯಾರೂ ಓದಿರುವುದಿಲ್ಲ. ಅದು ಬಹುಮಟ್ಟಿಗೆ ಹಿಂದಿನ ಬ್ಯಾಚಿನ ಯಾರದೋ ಬಯೋಡಾಟಾದ ಮೇಲೆ ಹೆಸರು ಬದಲಿಸಿ ತಯಾರಾದದ್ದು. ತಂದೆಯ ಹೆಸರು, ಧರ್ಮ, ವೈವಾಹಿಕ ಸ್ಥಿತಿ, ಹವ್ಯಾಸಗಳು, ಕೊನೆಯಲ್ಲಿ 'ಮೇಲಿನ ಎಲ್ಲ ಮಾಹಿತಿ ಸತ್ಯ' ಎಂಬ ಘೋಷಣೆ, ಇವೆಲ್ಲ ಅದರಲ್ಲಿ ಕ್ರಮವಾಗಿ ಇರುತ್ತವೆ. ಪ್ರಕಟಣೆಗಳ ಭಾಗ ಮಾತ್ರ ಒಂದೊಂದು ಸಾಲು ಒಂದೊಂದು ಬಗೆಯಲ್ಲಿ ಇರುತ್ತದೆ.

ಶೈಕ್ಷಣಿಕ ಹುದ್ದೆಗೆ ಕೊಡುವ ಸ್ವವಿವರದಲ್ಲಿ ಓದುವವರು ನಿಜವಾಗಿ ತಾಳೆ ನೋಡಬಲ್ಲ ಭಾಗವೆಂದರೆ ಪ್ರಕಟಣೆಗಳ ಪಟ್ಟಿ. ಅದನ್ನು ಒಂದೇ ಉಲ್ಲೇಖ ಶೈಲಿಯಲ್ಲಿ, ಸರಿಯಾದ ಶೀರ್ಷಿಕೆಗಳ ಕೆಳಗೆ ಬರೆಯುವುದನ್ನು ಅಂದಚೆಂದದ ವಿಷಯವೆಂದು ನಾವು ತಿಳಿದಿದ್ದೇವೆ. ನನ್ನ ಅಭಿಪ್ರಾಯದಲ್ಲಿ ಅದು ಪ್ರಾಮಾಣಿಕತೆಯ ವಿಷಯ. ಆದ್ದರಿಂದ ಅದನ್ನು ಕಲಿಸುವ ಹೊಣೆ ಝೆರಾಕ್ಸ್ ಅಂಗಡಿಯದಲ್ಲ, ನಮ್ಮದು.

ಎರಡು ಪುಟ ಏಕೆ, ಯಾವಾಗ

ಮೊದಲು ಒಂದು ಮಿತಿಯನ್ನು ಹೇಳಿಬಿಡಬೇಕು. ಎರಡು ಪುಟದ ಸ್ವವಿವರ ಎಲ್ಲ ಕಡೆಗೂ ಸಲ್ಲುವುದಿಲ್ಲ. ಬಡ್ತಿಗೆ ಅರ್ಜಿ ಹಾಕುವ ಅಧ್ಯಾಪಕರು ತಮ್ಮ ಎಲ್ಲ ಪ್ರಕಟಣೆಗಳನ್ನೂ ದಾಖಲೆಗಳ ಸಮೇತ ಕೊಡಬೇಕಾಗುತ್ತದೆ. ಸರ್ಕಾರಿ ನೇಮಕಾತಿಗೆ ನಿಗದಿತ ಅರ್ಜಿ ನಮೂನೆ ಇರುತ್ತದೆ, ಅಲ್ಲಿ ನಮ್ಮ ವಿನ್ಯಾಸಕ್ಕೆ ಜಾಗವೇ ಇಲ್ಲ. ಮೀಸಲಾತಿಗೆ ಬೇಕಾದ ವಿವರಗಳನ್ನು ಆ ನಮೂನೆಯೇ ಕೇಳುತ್ತದೆ. ಹಾಗಾಗಿ ಅವನ್ನು ಸ್ವವಿವರದಲ್ಲಿ ಮತ್ತೆ ಬರೆಯುವ ಅಗತ್ಯವೂ ಇಲ್ಲ.

ಖಾಸಗಿ ಮತ್ತು ಅನುದಾನಿತ ಕಾಲೇಜುಗಳ ಸಂದರ್ಶನ, ಅತಿಥಿ ಉಪನ್ಯಾಸಕರ ಆಯ್ಕೆ, ಸಂಶೋಧನಾ ಮಾರ್ಗದರ್ಶಕರ ಮೊದಲ ಭೇಟಿ, ಕಾರ್ಯಾಗಾರಕ್ಕೆ ಸಂಪನ್ಮೂಲ ವ್ಯಕ್ತಿಯಾಗಿ ಹೋಗುವ ಸಂದರ್ಭ, ಇಲ್ಲೆಲ್ಲ ಓದುವವರಿಗೆ ಐದು ಹತ್ತು ನಿಮಿಷಕ್ಕಿಂತ ಹೆಚ್ಚು ಸಮಯ ಇರುವುದಿಲ್ಲ. ಒಂದು ಹಾಳೆಯ ಎರಡೂ ಮಗ್ಗುಲು ಅವರು ಪೂರ್ತಿ ಓದುವಷ್ಟು ಇರುತ್ತದೆ. ಆರು ಪುಟ ಕೊಟ್ಟರೆ ಯಾವುದನ್ನು ಓದಬೇಕು ಎಂಬುದನ್ನು ಅವರೇ ತೀರ್ಮಾನಿಸುತ್ತಾರೆ. ಎರಡು ಪುಟ ಕೊಟ್ಟರೆ ಆ ತೀರ್ಮಾನ ನಮ್ಮ ಕೈಯಲ್ಲಿ ಉಳಿಯುತ್ತದೆ. ಉದ್ದನೆಯ ಪ್ರತಿಯೊಂದು ಮನೆಯಲ್ಲಿರಲಿ. ಪ್ರತಿ ಪ್ರಕಟಣೆಯನ್ನೂ ಅದಕ್ಕೆ ಸೇರಿಸುತ್ತ ಹೋಗಬೇಕು, ಬೇಕಾದಾಗ ಎರಡು ಪುಟವನ್ನು ಅದರಿಂದ ಆರಿಸಿ ತೆಗೆಯಬೇಕು.

ಶೀರ್ಷಿಕೆಗಳು ಆರೇ ಸಾಕು

ಮೊದಲ ಪುಟದ ಮೇಲ್ಭಾಗದಲ್ಲಿ ಹೆಸರು, ಅದರ ಕೆಳಗೆ ಊರು, ದೂರವಾಣಿ, ಇ-ಮೇಲ್, ಒಟ್ಟು ಮೂರು ಸಾಲು. ಅನಂತರ ವಿದ್ಯಾರ್ಹತೆ, ಬೋಧನಾನುಭವ, ಪ್ರಕಟಣೆಗಳು, ವಿಚಾರ ಸಂಕಿರಣ ಮತ್ತು ಕಾರ್ಯಾಗಾರಗಳು, ಇತರ ಶೈಕ್ಷಣಿಕ ಕೆಲಸ, ಕೊನೆಗೆ ನಮ್ಮ ಕೆಲಸವನ್ನು ಬಲ್ಲ ಇಬ್ಬರ ಹೆಸರು ಮತ್ತು ವಿಳಾಸ. ಈ ಆರು ಶೀರ್ಷಿಕೆಗಳು ಎಂ.ಎಡ್. ಮುಗಿಸಿದ ಯಾರಿಗಾದರೂ ಸಾಲುತ್ತವೆ. 'ವೃತ್ತಿಯ ಗುರಿ', 'ನನ್ನ ಸಾಮರ್ಥ್ಯಗಳು', 'ಹವ್ಯಾಸಗಳು' ಎಂಬವು ಕಂಪನಿಗಳ ರೆಸ್ಯೂಮೆಯಿಂದಲೋ ಹಳೆಯ ಬಯೋಡಾಟಾದಿಂದಲೋ ಬಂದು ಸೇರಿಕೊಂಡವು. 'ಸಮಯ ಪಾಲನೆ ನನ್ನ ಸಾಮರ್ಥ್ಯ' ಎಂಬ ಸಾಲನ್ನು ಆಯ್ಕೆ ಸಮಿತಿ ಯಾವ ದಾಖಲೆಯ ಜೊತೆ ತಾಳೆ ನೋಡಬೇಕು?

ಬೋಧನಾನುಭವದ ಕೆಳಗೆ ಬೋಧನಾಭ್ಯಾಸವನ್ನು ಬರೆಯಬಹುದೇ ಎಂದು ಪ್ರಶಿಕ್ಷಣಾರ್ಥಿಗಳು ಕೇಳುತ್ತಾರೆ. ಬರೆಯಬೇಕು, ಆದರೆ ಅದೇ ಹೆಸರಿನಲ್ಲಿ. ಎರಡು ವರ್ಷದ ಬಿ.ಎಡ್.ನಲ್ಲಿ ಎರಡನೇ ವರ್ಷದ 16 ವಾರಗಳ ಶಾಲಾ ಇಂಟರ್ನ್‌ಶಿಪ್ ಕಡಿಮೆ ಅನುಭವವೇನಲ್ಲ. ಶಾಲೆ, ತರಗತಿ, ವಿಷಯ, ಅವಧಿ, ಈ ನಾಲ್ಕನ್ನು ಒಂದು ಸಾಲಿನಲ್ಲಿ ಕೊಟ್ಟರೆ ಓದುವವರಿಗೆ ಚಿತ್ರ ಸ್ಪಷ್ಟವಾಗುತ್ತದೆ. ಅದನ್ನೇ 'ಪ್ರೌಢಶಾಲಾ ಶಿಕ್ಷಕ, ನಾಲ್ಕು ತಿಂಗಳು' ಎಂದು ಬರೆದರೆ ಸಂದರ್ಶನದ ಎರಡನೇ ಪ್ರಶ್ನೆಯಲ್ಲೇ ಅದು ಹೊರಬೀಳುತ್ತದೆ.

ಇಷ್ಟಾದರೆ ಮೊದಲ ಪುಟ ಬಹುಮಟ್ಟಿಗೆ ತುಂಬುತ್ತದೆ. ಎರಡನೇ ಪುಟವನ್ನು ಪ್ರಕಟಣೆಗಳಿಗೆ ಬಿಡಬೇಕು ಎಂಬುದು ನನ್ನ ಸಲಹೆ. ಪುಟ ತಿರುಗಿಸಿದ ಕೂಡಲೇ ಮೇಲಿನಿಂದಲೇ ಪಟ್ಟಿ ಶುರುವಾದರೆ ಓದುವವರು ಹುಡುಕಬೇಕಾಗಿಲ್ಲ. ಹೆಚ್ಚು ಅನುಭವ ಇದ್ದವರು ಬೋಧನಾನುಭವದ ಸಾಲುಗಳನ್ನು ಕಡಿಮೆ ಮಾಡಿಯಾದರೂ ಈ ಪುಟವನ್ನು ಉಳಿಸಿಕೊಳ್ಳಬೇಕು. ಪ್ರಕಟಣೆಯೇ ಇಲ್ಲದ ಬಿ.ಎಡ್. ಪ್ರಶಿಕ್ಷಣಾರ್ಥಿ ಆ ಶೀರ್ಷಿಕೆಯನ್ನೇ ಬಿಡಬೇಕು. ಒಂದೂವರೆ ಪುಟಕ್ಕೆ ಮುಗಿದರೆ ಏನೂ ಕೊರತೆಯಾಗುವುದಿಲ್ಲ. ಖಾಲಿ ಜಾಗ ತುಂಬಲು ಒಂದು ದಿನದ ವೆಬಿನಾರ್‌ಗಳ ಪ್ರಮಾಣಪತ್ರಗಳನ್ನು 'ಪ್ರಕಟಣೆಗಳು ಮತ್ತು ಸಾಧನೆಗಳು' ಎಂಬ ಶೀರ್ಷಿಕೆಯ ಕೆಳಗೆ ತರುವುದು ಮಾತ್ರ ಕೊರತೆಯೇ ಸರಿ.

ಏಳು ಪ್ರಕಟಣೆಗಳು ಮೂರಾದ ಬಗೆ

ಈಗ ಒಂದು ಪಟ್ಟಿಯನ್ನು ತೆಗೆದುಕೊಂಡು ನೋಡೋಣ. ಇದು ಕಲ್ಪಿಸಿಕೊಂಡದ್ದು, ಆದರೆ ಇದರಲ್ಲಿರುವ ಪ್ರತಿ ಸಾಲನ್ನೂ ಓದುಗರು ಎಲ್ಲಾದರೂ ಕಂಡೇ ಇರುತ್ತಾರೆ. ಎಂ.ಎಡ್. ಮುಗಿಸಿದ ಒಬ್ಬ ಅಭ್ಯರ್ಥಿನಿ 'ಒಟ್ಟು ಪ್ರಕಟಣೆಗಳು: 7' ಎಂದು ಬರೆದು ಕೆಳಗಿನಂತೆ ಪಟ್ಟಿ ಕೊಟ್ಟಿದ್ದಾಳೆ ಎಂದುಕೊಳ್ಳಿ.

1. 'ಮೂರನೇ ತರಗತಿಯಲ್ಲಿ ಗಟ್ಟಿ ಓದು', ರಾಷ್ಟ್ರೀಯ ಪತ್ರಿಕೆ, ಐಎಸ್‌ಎಸ್‌ಎನ್ ಇದೆ, 2023.
2. ರಾಷ್ಟ್ರಮಟ್ಟದ ವಿಚಾರ ಸಂಕಿರಣದಲ್ಲಿ ಗಟ್ಟಿ ಓದು ಮತ್ತು ಗ್ರಹಿಕೆ ಎಂಬ ವಿಷಯದ ಮೇಲೆ ಪ್ರಬಂಧ ಮಂಡನೆ.
3. ಗಟ್ಟಿ ಓದು ಮತ್ತು ಗ್ರಹಿಕೆ (ಐಎಸ್‌ಬಿಎನ್ ಪುಸ್ತಕ), 2022.
4. ಎಂ.ಎಡ್. ಪ್ರಬಂಧ, 2021.
5. ದಿನಪತ್ರಿಕೆಯಲ್ಲಿ ಲೇಖನ: ಓದುವ ಮೂಲೆ ಹೇಗಿರಬೇಕು?
6. ಭಾಷಾ ಬೋಧನೆ ಕುರಿತ ಇಂಗ್ಲಿಷ್ ಲೇಖನದ ಕನ್ನಡ ಅನುವಾದ (ಪುಸ್ತಕದಲ್ಲಿ ಸೇರಿದೆ).
7. 'ಬಹುಭಾಷಾ ತರಗತಿಯ ಪ್ರಶ್ನೆಗಳು' (ಪ್ರಕಟಣೆಯ ಹಂತದಲ್ಲಿ).

ಒಂದರಲ್ಲಿ ವರ್ಷ ಕೊನೆಗಿದೆ, ಇನ್ನೊಂದರಲ್ಲಿ ಇಲ್ಲ. ಒಂದು ಶೀರ್ಷಿಕೆಗೆ ಉದ್ಧರಣ ಚಿಹ್ನೆ ಇದೆ, ಇನ್ನೊಂದಕ್ಕಿಲ್ಲ. ಪುಟ ಸಂಖ್ಯೆ ಎಲ್ಲಿಯೂ ಇಲ್ಲ. ಇದನ್ನು 'ಶೈಲಿ ಸರಿಯಿಲ್ಲ' ಎಂದು ಹೇಳಿ ಮುಂದೆ ಹೋಗಬಹುದು. ಆದರೆ ಒಂದೇ ಶೈಲಿಗೆ ತರಲು ಕುಳಿತಾಗ ಏನಾಗುತ್ತದೆ ಎಂಬುದನ್ನು ಗಮನಿಸಬೇಕು.

ನಾನು ಆರಿಸಿಕೊಳ್ಳುವುದು ಎಪಿಎ ಶೈಲಿಯನ್ನು. ಶಿಕ್ಷಣಶಾಸ್ತ್ರದ ಪ್ರಬಂಧಗಳಲ್ಲಿ ನಮ್ಮ ವಿದ್ಯಾರ್ಥಿಗಳು ಈಗಾಗಲೇ ಬಳಸುವುದು ಅದನ್ನೇ. ಅದರ ಏಳನೇ ಆವೃತ್ತಿ ಬಂದದ್ದು 2019ರಲ್ಲಿ. ಆ ಶೈಲಿ ಪ್ರತಿ ನಮೂದಿಗೂ ನಾಲ್ಕು ಪ್ರಶ್ನೆ ಕೇಳುತ್ತದೆ: ಯಾರು, ಯಾವಾಗ, ಏನು, ಎಲ್ಲಿ. ಈ ಕ್ರಮದಲ್ಲೇ ಉತ್ತರಿಸಬೇಕು.

ಮೊದಲ ನಮೂದಿಗೆ 'ಯಾರು' ಎಂದು ಕೇಳಿದ ತಕ್ಷಣ ಆ ಲೇಖನಕ್ಕೆ ಮೂವರು ಲೇಖಕರು ಎಂಬುದು ಹೊರಬರುತ್ತದೆ. ಈಕೆಯ ಹೆಸರು ಎರಡನೆಯದು. ಏಳನೇ ಆವೃತ್ತಿಯ ಪ್ರಕಾರ 20 ಲೇಖಕರವರೆಗೆ ಎಲ್ಲರ ಹೆಸರನ್ನೂ ಪಟ್ಟಿಯಲ್ಲಿ ಬರೆಯಬೇಕು, 'ಮತ್ತಿತರರು' ಎಂದು ಮುಗಿಸುವಂತಿಲ್ಲ. ಸರಿಪಡಿಸಿದ ನಮೂದು ಹೀಗಿರುತ್ತದೆ:

ಮೊದಲ ಲೇಖಕಿ, ಅಭ್ಯರ್ಥಿನಿಯ ಹೆಸರು, ಮತ್ತು ಮೂರನೇ ಲೇಖಕ. (2023). ಮೂರನೇ ತರಗತಿಯಲ್ಲಿ ಗಟ್ಟಿ ಓದು: ಒಂದು ಕ್ರಿಯಾ ಸಂಶೋಧನೆ. *ಪತ್ರಿಕೆಯ ಹೆಸರು, 12*(2), 34–41.

ಇಲ್ಲಿ 12 ಎಂದರೆ ಸಂಪುಟ, ಕಂಸದಲ್ಲಿರುವ 2 ಸಂಚಿಕೆ, ಕೊನೆಯದು ಪುಟಗಳು. ಡಿಒಐ ಇದ್ದರೆ ಕೊನೆಯಲ್ಲಿ https://doi.org/ ಎಂದು ಶುರುವಾಗುವ ಪೂರ್ತಿ ಕೊಂಡಿ ಬರಬೇಕು. ತನ್ನ ಹೆಸರನ್ನು ದಪ್ಪಕ್ಷರದಲ್ಲಿ ಹಾಕುವುದು ಎಪಿಎ ನಿಯಮವಲ್ಲ, ಅದು ಸ್ವವಿವರದ ರೂಢಿ. ಹಲವು ಹೆಸರುಗಳ ನಡುವೆ ಅಭ್ಯರ್ಥಿ ಎಲ್ಲಿದ್ದಾಳೆ ಎಂಬುದು ಅದರಿಂದ ಒಂದೇ ನೋಟಕ್ಕೆ ತಿಳಿಯುತ್ತದೆ.

ಎರಡನೆಯ ಮತ್ತು ಮೂರನೆಯ ನಮೂದಿಗೆ 'ಏನು' ಎಂದು ಕೇಳಿದಾಗ ಎರಡೂ ಒಂದೇ ಬರಹ ಎಂಬುದು ತಿಳಿಯುತ್ತದೆ. ಸಂಕಿರಣದಲ್ಲಿ ಮಂಡಿಸಿದ್ದು ಅನಂತರ ಸಂಪಾದಿತ ಪುಸ್ತಕದಲ್ಲಿ ಅಧ್ಯಾಯವಾಗಿ ಬಂದಿದೆ. 'ಐಎಸ್‌ಬಿಎನ್ ಪುಸ್ತಕ' ಎಂದು ಬರೆದಾಗ ಪುಸ್ತಕವೇ ಈಕೆಯದು ಎಂಬ ಭಾವನೆ ಬರುತ್ತಿತ್ತು. ಸರಿಯಾದ ನಮೂದು ಇದು:

ಅಭ್ಯರ್ಥಿನಿಯ ಹೆಸರು. (2022). ಗಟ್ಟಿ ಓದು ಮತ್ತು ಗ್ರಹಿಕೆ. ಸಂಪಾದಕರ ಹೆಸರು (ಸಂ.), *ಪುಸ್ತಕದ ಹೆಸರು* (ಪುಟ 56–63). ಪ್ರಕಾಶನ.

ಎಂಟು ಪುಟದ ಅಧ್ಯಾಯ ಎಂಬುದು ಈಗ ಸ್ಪಷ್ಟವಾಗಿದೆ. ಮಂಡನೆಯ ಸಾಲು 'ವಿಚಾರ ಸಂಕಿರಣ' ಎಂಬ ಶೀರ್ಷಿಕೆಯ ಕೆಳಗೆ ಹೋಗುತ್ತದೆ, ಅದರ ಮುಂದೆ 'ಅಧ್ಯಾಯವಾಗಿ ಪ್ರಕಟಿತ, 2022' ಎಂದು ಸೂಚಿಸಿದರೆ ಸಾಕು.

ನಾಲ್ಕನೆಯ ನಮೂದು ಎಂ.ಎಡ್. ಪ್ರಬಂಧ. 'ಎಲ್ಲಿ' ಎಂದು ಕೇಳಿದರೆ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ್ದು ಎಂಬ ಉತ್ತರ ಬರುತ್ತದೆ. ಅದು ಪದವಿಯ ಭಾಗವಾದ್ದರಿಂದ ವಿದ್ಯಾರ್ಹತೆಯ ಕೆಳಗೆ ಎಂ.ಎಡ್. ಸಾಲಿನ ಜೊತೆ ಶೀರ್ಷಿಕೆ ಸಮೇತ ಇರಬೇಕು. ಐದನೆಯ ದಿನಪತ್ರಿಕೆಯ ಲೇಖನವನ್ನು ಬಿಡಬೇಕಾಗಿಲ್ಲ. ಶಿಕ್ಷಕಿಯೊಬ್ಬಳು ಪೋಷಕರಿಗೆ ತಿಳಿಯುವಂತೆ ಬರೆಯಬಲ್ಲಳು ಎಂಬುದು ಒಳ್ಳೆಯ ಗುಣವೇ. ಆದರೆ ಅದರ ಜಾಗ 'ಇತರ ಶೈಕ್ಷಣಿಕ ಕೆಲಸ', ದಿನಾಂಕದ ಸಮೇತ.

ಆರನೆಯ ಅನುವಾದದಲ್ಲಿ ಒಂದು ಸೂಕ್ಷ್ಮವಿದೆ. ಎಪಿಎ ಶೈಲಿಯಲ್ಲಿ ಅನುವಾದಿತ ಬರಹದ ನಮೂದು ಮೂಲ ಲೇಖಕರ ಹೆಸರಿನಿಂದ ಶುರುವಾಗುತ್ತದೆ, ಅನುವಾದಕರ ಹೆಸರು ಶೀರ್ಷಿಕೆಯ ನಂತರ ಕಂಸದೊಳಗೆ ಸೇರುತ್ತದೆ. ಗ್ರಂಥಋಣಕ್ಕೆ ಅದು ಸರಿ. ಸ್ವವಿವರದಲ್ಲಿ ಮಾತ್ರ ಅಭ್ಯರ್ಥಿನಿಯ ಹೆಸರು ಮರೆಯಾಗಿ, ಬೇರೆಯವರ ಲೇಖನವನ್ನು ತನ್ನ ಪಟ್ಟಿಗೆ ಸೇರಿಸಿದಂತೆ ಕಾಣುತ್ತದೆ. 'ಅನುವಾದ' ಎಂಬ ಉಪಶೀರ್ಷಿಕೆ ಕೊಟ್ಟು, ಕಂಸದೊಳಗಿನ ತನ್ನ ಹೆಸರನ್ನು ದಪ್ಪಕ್ಷರದಲ್ಲಿ ಬರೆದರೆ ಎರಡೂ ತೊಂದರೆ ನೀಗುತ್ತವೆ.

ಕೊನೆಯ ನಮೂದಿನ 'ಪ್ರಕಟಣೆಯ ಹಂತದಲ್ಲಿ' ಎಂಬ ಮಾತಿಗೆ ನಿಖರ ಅರ್ಥವಿಲ್ಲ. ಸಂಪಾದಕರ ಒಪ್ಪಿಗೆ ಪತ್ರ ಬಂದಿದ್ದರೆ ವರ್ಷದ ಜಾಗದಲ್ಲಿ 'ಮುದ್ರಣದಲ್ಲಿ' ಎಂದು ಬರೆದು ಪತ್ರಿಕೆಯ ಹೆಸರು ಕೊಡಬಹುದು. ಬರೀ ಕಳಿಸಿ ಕಾಯುತ್ತಿದ್ದರೆ 'ಸಲ್ಲಿಸಲಾಗಿದೆ' ಎನ್ನಬೇಕು, ಆಗ ಪತ್ರಿಕೆಯ ಹೆಸರು ಬರೆಯಬಾರದು. ಯಾವ ಪತ್ರಿಕೆಗೆ ಯಾರು ಬೇಕಾದರೂ ಲೇಖನ ಕಳಿಸಬಹುದು, ಕಳಿಸಿದ್ದರಿಂದ ಆ ಪತ್ರಿಕೆಯ ಹೆಸರಿನ ಮೇಲೆ ನಮಗೆ ಹಕ್ಕು ಬರುವುದಿಲ್ಲ.

ಹೀಗೆ ಏಳು ಇದ್ದದ್ದು ಮೂರಾಯಿತು: ಒಂದು ಪತ್ರಿಕಾ ಲೇಖನ, ಒಂದು ಅಧ್ಯಾಯ, ಒಂದು ಅನುವಾದ. ಅಭ್ಯರ್ಥಿನಿಗೆ ನಷ್ಟವಾಯಿತೇ? ಉಳಿದ ನಾಲ್ಕರಲ್ಲಿ ಯಾವುದನ್ನೂ ನಾವು ಕಳೆಯಲಿಲ್ಲ, ಅವುಗಳ ಜಾಗಕ್ಕೆ ಕಳಿಸಿದೆವು. ಸಲ್ಲಿಸಿದ ಲೇಖನವೂ ಪ್ರಕಟಿತ ಸಾಲುಗಳಿಂದ ಬೇರೆಯಾಗಿ ಕೊನೆಯಲ್ಲಿ ಉಳಿಯಿತು. ಮೊದಲ ಪಟ್ಟಿ ಕೈಯಲ್ಲಿ ಹಿಡಿದವರಿಗೆ ಎರಡನೇ ಮತ್ತು ಮೂರನೇ ಸಾಲು ಒಂದೇ ಎಂದು ಗೊತ್ತಾದ ಕ್ಷಣದಿಂದ ಉಳಿದ ಐದರ ಮೇಲೂ ಅನುಮಾನ ಹುಟ್ಟುತ್ತದೆ. ಎರಡನೇ ಪಟ್ಟಿಯಲ್ಲಿ ಹಾಗಾಗುವುದಿಲ್ಲ. ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಈ ಬದಲಾವಣೆಗಳಿಗಾಗಿ ನಾವು ಅಭ್ಯರ್ಥಿನಿಗೆ ನೀತಿಪಾಠ ಹೇಳಲಿಲ್ಲ. ಶೈಲಿ ಕೇಳಿದ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದದ್ದಷ್ಟೇ.

'ಅಲ್ಪವಿರಾಮ ಯಾರು ನೋಡುತ್ತಾರೆ?'

ಸಮಿತಿಯವರು ಅಂಕ ಎಣಿಸುತ್ತಾರೆಯೇ ಹೊರತು ಅಲ್ಪವಿರಾಮ ಎಣಿಸುವುದಿಲ್ಲ ಎಂಬ ಆಕ್ಷೇಪ ನಮ್ಮ ಸಹೋದ್ಯೋಗಿಗಳಲ್ಲಿ ಇದೆ. ಅಂಕದ ಲೆಕ್ಕವನ್ನೇ ನೋಡೋಣ. ಯುಜಿಸಿಯ 2018ರ ನಿಯಮಾವಳಿಯಲ್ಲಿರುವ ಸಂಶೋಧನಾ ಅಂಕಗಳ ಕೋಷ್ಟಕ ಶಿಕ್ಷಣ ವಿಭಾಗದ ಪತ್ರಿಕಾ ಲೇಖನಕ್ಕೆ 10 ಅಂಕ ಕೊಡುತ್ತದೆ. ಇಬ್ಬರು ಲೇಖಕರಿದ್ದರೆ ಇಬ್ಬರಿಗೂ ಅದರ ಶೇ. 70, ಅಂದರೆ 7. ಇಬ್ಬರಿಗಿಂತ ಹೆಚ್ಚಿದ್ದರೆ ಮೊದಲ ಅಥವಾ ಪ್ರಧಾನ ಲೇಖಕರಿಗೆ 7, ಉಳಿದ ಪ್ರತಿಯೊಬ್ಬರಿಗೂ ಶೇ. 30, ಅಂದರೆ 3. ಸಂಪಾದಿತ ಪುಸ್ತಕದ ಅಧ್ಯಾಯಕ್ಕೆ 5, ಅಧ್ಯಾಯ ಅಥವಾ ಲೇಖನದ ಅನುವಾದಕ್ಕೆ 3. ಮಂಡಿಸಿದ ಪ್ರಬಂಧ ಪುಸ್ತಕದಲ್ಲೂ ಬಂದಿದ್ದರೆ ಒಂದೇ ಬಾರಿ ಎಣಿಕೆ. ಎಲ್ಲ ನೇಮಕಾತಿಗೂ ಇದೇ ಕೋಷ್ಟಕ ಬಳಕೆಯಾಗುವುದಿಲ್ಲ, ಸಹಾಯಕ ಪ್ರಾಧ್ಯಾಪಕರ ಕಿರುಪಟ್ಟಿಗೆ ಬೇರೆ ಲೆಕ್ಕವಿದೆ. ಆದರೂ ಲೆಕ್ಕದ ಬಗೆಯನ್ನು ಇದು ತೋರಿಸುತ್ತದೆ.

ಲೇಖಕರ ಸಂಖ್ಯೆ, ಅವರ ಕ್ರಮ, ಬರಹದ ಬಗೆ ಇವನ್ನು ತಿಳಿಯದೆ ಈ ಲೆಕ್ಕ ಮಾಡಲು ಸಾಧ್ಯವೇ ಇಲ್ಲ. ನಮ್ಮ ಉದಾಹರಣೆಯ ಮೊದಲ ಸಾಲನ್ನು ಹಾಗೆಯೇ ಓದಿದವರು 10 ಎಂದು ಬರೆದುಕೊಳ್ಳುತ್ತಾರೆ. ಮೂಲ ಪ್ರತಿ ನೋಡಿದಾಗ ಅದು 3 ಆಗುತ್ತದೆ. ಈ ಏಳು ಅಂಕದ ವ್ಯತ್ಯಾಸ ಕಾಗದದಲ್ಲಿ ಹುಟ್ಟಿದ್ದು ಎರಡು ಹೆಸರುಗಳನ್ನು ಬಿಟ್ಟದ್ದರಿಂದ. ಅಲ್ಪವಿರಾಮವನ್ನು ಯಾರೂ ನೋಡದಿರಬಹುದು, ಆದರೆ ಅಲ್ಪವಿರಾಮ ಬೇರ್ಪಡಿಸುವ ಹೆಸರುಗಳನ್ನು ನೋಡಲೇಬೇಕಾಗುತ್ತದೆ.

'ಐಎಸ್‌ಎಸ್‌ಎನ್ ಇದೆ' ಎಂಬ ಸಾಲಿನ ಬಗ್ಗೆಯೂ ಒಂದು ಮಾತು. ಅದು ನಿಯತಕಾಲಿಕವನ್ನು ಗುರುತಿಸಲು ಕೊಡುವ ಎಂಟು ಸ್ಥಾನಗಳ ಸಂಖ್ಯೆ, ಪತ್ರಿಕೆಯ ಗುಣಮಟ್ಟಕ್ಕೆ ಕೊಟ್ಟ ಮುದ್ರೆಯಲ್ಲ. ವಾರಪತ್ರಿಕೆಗೂ ಅದು ಇರಬಹುದು. ಹಾಗೆಯೇ 'ಯುಜಿಸಿ ಅನುಮೋದಿತ ಪತ್ರಿಕೆ' ಎಂಬ ಮಾತು. 2019ರಲ್ಲಿ ಬಂದ ಯುಜಿಸಿ-ಕೇರ್ ಪಟ್ಟಿಯನ್ನು ಯುಜಿಸಿ ನಿಲ್ಲಿಸಿರುವುದಾಗಿ 2025ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಹಾಗಾಗಿ ಇಂದು 'ಕೇರ್ ಪಟ್ಟಿಯಲ್ಲಿದೆ' ಎಂದು ವರ್ತಮಾನ ಕಾಲದಲ್ಲಿ ಬರೆಯುವುದಕ್ಕೆ ಅರ್ಥವಿಲ್ಲ. ಲೇಖನ ಬಂದ ವರ್ಷ ಪಟ್ಟಿಯಲ್ಲಿದ್ದರೆ 'ಪ್ರಕಟಣೆಯ ವೇಳೆ ಕೇರ್ ಪಟ್ಟಿಯಲ್ಲಿತ್ತು' ಎಂದು ಬರೆಯಬಹುದು, ಅದಕ್ಕೆ ಆಧಾರವನ್ನೂ ಇಟ್ಟುಕೊಂಡಿರಬೇಕು.

ಕನ್ನಡದ ಹೆಸರುಗಳು, ಕನ್ನಡದ ಅಕ್ಷರಗಳು

ಎಪಿಎ ಶೈಲಿ ಕನ್ನಡಕ್ಕಾಗಿ ಹುಟ್ಟಿದ್ದಲ್ಲ. ಅದನ್ನು ಹಾಗೆಯೇ ತಂದಿಟ್ಟರೆ ಮೂರು ಕಡೆ ತೊಡಕಾಗುತ್ತದೆ. ಮೂರಕ್ಕೂ ಒಂದು ತೀರ್ಮಾನ ಮಾಡಿಕೊಂಡು ಪಟ್ಟಿಯುದ್ದಕ್ಕೂ ಅದನ್ನೇ ಪಾಲಿಸುವುದು ದಾರಿ.

ಮೊದಲನೆಯದು ಹೆಸರು. ಆ ಶೈಲಿ ಮನೆತನದ ಹೆಸರನ್ನು ಮೊದಲು ಕೇಳುತ್ತದೆ. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರೇ ಇಲ್ಲ, ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಿವೆ. ಕೆ.ವಿ. ಪುಟ್ಟಪ್ಪ ಎಂಬಲ್ಲಿ ಕುಪ್ಪಳಿ ಊರು, ವೆಂಕಟಪ್ಪ ತಂದೆ, ಪುಟ್ಟಪ್ಪ ಅವರದೇ ಹೆಸರು. ಕನ್ನಡ ಗ್ರಂಥಸೂಚಿಗಳ ರೂಢಿಯಂತೆ 'ಪುಟ್ಟಪ್ಪ, ಕೆ.ವಿ.' ಎಂದರೆ ಶೈಲಿಗೂ ಹೊಂದುತ್ತದೆ, ಹೆಸರಿಗೂ ಅನ್ಯಾಯವಾಗುವುದಿಲ್ಲ. ಉತ್ತರ ಕರ್ನಾಟಕದ ಅಭ್ಯರ್ಥಿಗಳಿಗೆ ಮನೆತನದ ಹೆಸರು ಕೊನೆಯಲ್ಲೇ ಇರುವುದರಿಂದ ಅವರಿಗೆ ತೊಡಕು ಕಡಿಮೆ. ನಿಜವಾದ ತೊಂದರೆ ಒಬ್ಬರ ಹೆಸರೇ ಮೂರು ಬಗೆಯಲ್ಲಿ ಮುದ್ರಣವಾದಾಗ ಬರುತ್ತದೆ. ಒಂದು ಲೇಖನದಲ್ಲಿ ಒಂದು ಇನಿಷಿಯಲ್, ಮತ್ತೊಂದರಲ್ಲಿ ಎರಡು, ಮದುವೆಯ ನಂತರದ ಲೇಖನದಲ್ಲಿ ಬೇರೆ ಕೊನೆಯ ಹೆಸರು. ಮುದ್ರಣವಾದದ್ದನ್ನು ತಿದ್ದುವಂತಿಲ್ಲ. ಪಟ್ಟಿಯ ಮೇಲೆ 'ಈ ಹೆಸರುಗಳಲ್ಲಿಯೂ ಪ್ರಕಟಿತ' ಎಂದು ಒಂದು ಸಾಲು ಬರೆದು, ಮುಂದಿನ ಲೇಖನಗಳಿಗೆ ಒಂದೇ ರೂಪವನ್ನು ಗಟ್ಟಿಮಾಡಿಕೊಳ್ಳಬೇಕು. 16 ಅಂಕಿಗಳ ಆರ್ಕಿಡ್ ಸಂಖ್ಯೆ ಉಚಿತವಾಗಿ ಸಿಗುತ್ತದೆ. ಹೆಸರು ಎಷ್ಟು ಬಗೆಯಲ್ಲಿದ್ದರೂ ವ್ಯಕ್ತಿ ಒಬ್ಬರೇ ಎಂದು ತೋರಿಸುವುದೇ ಅದರ ಕೆಲಸ.

ಎರಡನೆಯದು ಓರೆ ಅಕ್ಷರ. ಪತ್ರಿಕೆಯ ಮತ್ತು ಪುಸ್ತಕದ ಹೆಸರು ಓರೆಯಾಗಿರಬೇಕು ಎಂಬುದು ನಿಯಮ. ಕನ್ನಡ ಲಿಪಿಗೆ ಓರೆ ಅಕ್ಷರದ ಪರಂಪರೆ ಇಲ್ಲ. ಕಂಪ್ಯೂಟರು ಅಕ್ಷರವನ್ನು ಬಗ್ಗಿಸಿ ತೋರಿಸುತ್ತದೆ, ಕೆಲವು ಫಾಂಟುಗಳಲ್ಲಿ ಒತ್ತಕ್ಷರಗಳು ಒಂದಕ್ಕೊಂದು ತಾಗುತ್ತವೆ. ಮುದ್ರಿಸಿದಾಗ ಓದಲಾಗದಿದ್ದರೆ ಓರೆಯ ಬದಲು ಅಡಿಗೆರೆ ಬಳಸಬಹುದು. ದಪ್ಪಕ್ಷರ ಬೇಡ, ಅದು ನಮ್ಮ ಹೆಸರಿಗೆ ಮೀಸಲು. ಇಂಗ್ಲಿಷಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಬಗ್ಗೆ ಇರುವ ನಿಯಮಗಳು ನಮಗೆ ಅನ್ವಯಿಸುವುದೇ ಇಲ್ಲ.

ಮೂರನೆಯದು ಫಾಂಟು. ಹಳೆಯ ನುಡಿ ಅಥವಾ ಬರಹ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಸ್ವವಿವರವನ್ನು ವರ್ಡ್ ಕಡತವಾಗಿ ಕಳಿಸಿದರೆ, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಯುನಿಕೋಡ್‌ನಲ್ಲಿ ಬರೆದು, ಪಿಡಿಎಫ್ ಮಾಡಿ ಕಳಿಸಬೇಕು. ಕಳಿಸುವ ಮೊದಲು ಬೇರೊಬ್ಬರ ಮೊಬೈಲಿನಲ್ಲಿ ತೆರೆದು ನೋಡುವುದು ಒಳ್ಳೆಯ ಪರೀಕ್ಷೆ. ಇಂಗ್ಲಿಷಿನಲ್ಲಿ ಸ್ವವಿವರ ಬರೆಯುವವರು ಕನ್ನಡ ಲೇಖನದ ಶೀರ್ಷಿಕೆಯನ್ನು ಬರೀ ಅನುವಾದಿಸಿ ಕೊಡಬಾರದು. ಹಾಗೆ ಕೊಟ್ಟರೆ ಆ ಹೆಸರಿನ ಲೇಖನ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಕನ್ನಡ ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಬರೆದು, ಅದರ ಪಕ್ಕ ಚೌಕ ಕಂಸದಲ್ಲಿ ಇಂಗ್ಲಿಷ್ ಅರ್ಥ ಕೊಡಬೇಕೆಂದು ಎಪಿಎ ಶೈಲಿಯೇ ಹೇಳುತ್ತದೆ.

ಒಂದು ಕಡೆ ಮಾತ್ರ ನಾವು ಆ ಶೈಲಿಯನ್ನು ತಿಳಿದೇ ಬಿಡಬೇಕು. ಗ್ರಂಥಋಣದ ಪಟ್ಟಿ ಅಕಾರಾದಿಯಾಗಿ ಇರುತ್ತದೆ, ಸ್ವವಿವರದ ಪಟ್ಟಿ ಹೊಸದರಿಂದ ಹಳೆಯದಕ್ಕೆ ಹೋಗಬೇಕು. ಕಳೆದ ಎರಡು ವರ್ಷಗಳಲ್ಲಿ ಅಭ್ಯರ್ಥಿ ಏನು ಮಾಡಿದ್ದಾರೆ ಎಂಬುದೇ ಓದುವವರ ಮೊದಲ ಕುತೂಹಲ.

ಪುಟದ ಕಟ್ಟು

ವಿನ್ಯಾಸದ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ. ಎ4 ಹಾಳೆ, ನಾಲ್ಕೂ ಕಡೆ ಒಂದು ಅಂಗುಲ ಅಂಚು, ಪಠ್ಯಕ್ಕೆ 11 ಅಥವಾ 12 ಪಾಯಿಂಟ್, ಶೀರ್ಷಿಕೆಗೆ 14 ಪಾಯಿಂಟ್ ದಪ್ಪಕ್ಷರ. ಎರಡು ಪುಟಕ್ಕೆ ಹಿಡಿಸಲೆಂದು ಅಕ್ಷರವನ್ನು 9 ಪಾಯಿಂಟಿಗೆ ಇಳಿಸಿದರೆ ಹಾಳೆ ಎರಡೇ ಆದರೂ ಓದು ಮೂರು ಪುಟದ್ದಾಗುತ್ತದೆ. ಆಗ ಕಡಿಮೆ ಮಾಡಬೇಕಾದದ್ದು ಸಾಲುಗಳನ್ನು, ಅಕ್ಷರದ ಗಾತ್ರವನ್ನಲ್ಲ.

ಹೆಚ್ಚಾಗಿ ಕೆಡುವುದು ಜೋಡಣೆ. ವರ್ಷಗಳನ್ನು ಬಲಗಡೆ ಒಂದೇ ನೇರದಲ್ಲಿ ತರಲು ಸ್ಪೇಸ್ ಬಾರನ್ನು ಇಪ್ಪತ್ತು ಬಾರಿ ಒತ್ತುವ ಅಭ್ಯಾಸವಿದೆ. ನಮ್ಮ ಕಂಪ್ಯೂಟರಿನಲ್ಲಿ ನೇರವಾಗಿ ಕಂಡದ್ದು, ಫಾಂಟು ಒಂದಿಷ್ಟು ಬದಲಾದರೂ ಹಾವಿನ ಹಾಗೆ ಹೊರಳುತ್ತದೆ. ಅದಕ್ಕೆ ಟ್ಯಾಬ್ ಬಳಸಬೇಕು. ಪ್ರಕಟಣೆಯ ನಮೂದಿನಲ್ಲಿ ಮೊದಲ ಸಾಲು ಅಂಚಿನಿಂದ ಶುರುವಾಗಿ, ಮುಂದಿನ ಸಾಲುಗಳು ಅರ್ಧ ಅಂಗುಲ ಒಳಗೆ ಸರಿದಿರಬೇಕು. ವರ್ಡ್‌ನಲ್ಲಿ ನಮೂದಿನ ಮೇಲೆ ಕರ್ಸರ್ ಇಟ್ಟು Ctrl+T ಒತ್ತಿದರೆ ಅದು ತಾನಾಗಿ ಆಗುತ್ತದೆ. ಆಗ ಲೇಖಕರ ಹೆಸರುಗಳು ಎಡಗಡೆ ಎದ್ದು ಕಾಣುತ್ತವೆ, ಎಷ್ಟು ನಮೂದುಗಳಿವೆ ಎಂಬುದನ್ನು ಓದದೆಯೇ ಎಣಿಸಬಹುದು. ಶೀರ್ಷಿಕೆಗಳಿಗೆ ವರ್ಡ್‌ನ ಸಿದ್ಧ ಶೀರ್ಷಿಕೆ ಶೈಲಿಯನ್ನೇ ಬಳಸಿದರೆ, 'ಪ್ರಕಟಣೆಗಳು' ಎಂಬ ಪದವೊಂದೇ ಮೊದಲ ಪುಟದ ತಳದಲ್ಲಿ ಉಳಿದು ಪಟ್ಟಿ ಮುಂದಿನ ಪುಟಕ್ಕೆ ಹೋಗುವ ಪ್ರಮಾದವೂ ತಪ್ಪುತ್ತದೆ.

ಯಾರಿಂದ ಶುರುವಾಗಬೇಕು

ಇದನ್ನು ಪಠ್ಯಕ್ರಮಕ್ಕೆ ಹೊಸ ಘಟಕವಾಗಿ ಸೇರಿಸಿ ಎಂದು ನಾನು ಕೇಳುತ್ತಿಲ್ಲ. ಎಂ.ಎಡ್. ಪ್ರಬಂಧದ ಗ್ರಂಥಋಣವನ್ನು ತಿದ್ದುವ ವಾರದಲ್ಲೇ ಎರಡು ತರಗತಿ ಸಾಕು. ಮೊದಲ ತರಗತಿಯಲ್ಲಿ ಪ್ರತಿಯೊಬ್ಬರೂ ಎರಡು ಪುಟ ತಯಾರಿಸಲಿ. ಎರಡನೆಯದರಲ್ಲಿ ಇಬ್ಬಿಬ್ಬರು ಪಟ್ಟಿ ಬದಲಾಯಿಸಿಕೊಂಡು, ಗ್ರಂಥಾಲಯದಲ್ಲೋ ಅಂತರ್ಜಾಲದಲ್ಲೋ ಪ್ರತಿ ನಮೂದನ್ನೂ ಹುಡುಕಲಿ. ಬರೆದವರನ್ನು ಕೇಳದೆ, ಬರೀ ನಮೂದಿನ ಬಲದ ಮೇಲೆ ಲೇಖನದ ಮೊದಲ ಪುಟ ಸಿಕ್ಕಿತೇ ಎಂಬುದೇ ಪರೀಕ್ಷೆ. ಸಿಗದಿದ್ದರೆ ಯಾವ ಮಾಹಿತಿ ಇಲ್ಲದ್ದರಿಂದ ಸಿಗಲಿಲ್ಲ ಎಂದು ಬರೆದು ಹಿಂದಿರುಗಿಸಲಿ. ಪಾಠ ವೀಕ್ಷಣೆಯ ಹಾಳೆ ತುಂಬಿ ಅಭ್ಯಾಸವಿರುವ ನಮ್ಮ ವಿದ್ಯಾರ್ಥಿಗಳಿಗೆ ಇದು ಹೊಸದೇನಲ್ಲ.

ಆದರೆ ಅದಕ್ಕೂ ಮೊದಲು ಆಗಬೇಕಾದ ಕೆಲಸವೊಂದಿದೆ. ಪ್ರಶಿಕ್ಷಣಾರ್ಥಿ ತನ್ನ ಪ್ರಬಂಧದಿಂದ ಬರೆದ ಲೇಖನದಲ್ಲಿ ಮಾರ್ಗದರ್ಶಕರ ಹೆಸರು ಮೊದಲು, ವಿಭಾಗದ ಇನ್ನೊಬ್ಬರದು ಎರಡನೆಯದು, ಬರೆದವಳದು ಮೂರನೆಯದು ಎಂಬುದು ನಮ್ಮ ಕ್ಷೇತ್ರದಲ್ಲಿ ಕೇಳದ ಮಾತಲ್ಲ. ಹಾಗಾದಾಗ 10ರಲ್ಲಿ 3 ಅಂಕ ಯಾರ ಪಾಲಿಗೆ ಬರುತ್ತದೆ ಎಂಬುದನ್ನು ಮೇಲಿನ ಲೆಕ್ಕ ತೋರಿಸಿದೆ. ಲೇಖಕರ ಕ್ರಮವನ್ನು ಬಚ್ಚಿಡದ ಪಟ್ಟಿಯನ್ನು ವಿದ್ಯಾರ್ಥಿಗಳಿಂದ ಬಯಸುವವರು ಆ ಕ್ರಮ ಹೇಗೆ ತೀರ್ಮಾನವಾಯಿತು ಎಂಬ ಪ್ರಶ್ನೆಗೂ ಉತ್ತರಿಸಲು ಸಿದ್ಧರಿರಬೇಕು. ಆದ್ದರಿಂದ ಈ ಅಭ್ಯಾಸದ ಮೊದಲ ಮಾದರಿ ಪಾಠವನ್ನು ಅಧ್ಯಾಪಕರೇ ಕೊಡಲಿ. ನಮ್ಮ ನಮ್ಮ ಎರಡು ಪುಟಗಳನ್ನು ಎಲ್ಲ ಸಹಲೇಖಕರ ಹೆಸರಿನ ಸಮೇತ ಇಲಾಖೆಯ ಸೂಚನಾ ಫಲಕದಲ್ಲಿ ಹಾಕೋಣ. ವಿದ್ಯಾರ್ಥಿಗಳು ಕೆಂಪು ಪೆನ್ನು ಹಿಡಿದು ಓದಲಿ.